‘ಸೇಮ್ ಕಂಟಿನ್ಯೂ’ ಅಂದರೆ ಯಾವುದನ್ನು?

ಕಾರವಾರದಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಮತ್ತು ಅನುವಾದದ ಅಂಗಡಿ ಇದೆ. ಜಾಸ್ತಿ ಬರುವುದು ಪಹಣಿ, ವಾಟ್ನಿ ಪತ್ರ, ಕೋರ್ಟಿನ ಕಾಗದ. ಆದರೆ ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡಾಡುವವರು. ಹಾಗಾಗಿ ಆಸ್ಪತ್ರೆ ಕಾಗದಗಳೂ ನನ್ನ ಮೇಜಿಗೆ ಬರುತ್ತವೆ. ಇದು ಅಂಥ ಒಂದು ಪ್ರಕರಣ. ಮನೆಯವರ ಒಪ್ಪಿಗೆ ಕೇಳಿ ಬರೆಯುತ್ತಿದ್ದೇನೆ. ಹೆಸರು, ಊರು, ಆಸ್ಪತ್ರೆ ಯಾವುದೂ ಬೇಡ.

ಅಂಕೋಲೆ ಕಡೆಯ ಒಂದು ಹಳ್ಳಿ. ಯಜಮಾನರಿಗೆ ಅರವತ್ತನಾಲ್ಕು ವರ್ಷ. ಎಂಟು ವರ್ಷದಿಂದ ಶುಗರ್. ಹತ್ತು ತಿಂಗಳ ಹಿಂದೆ ಗೋವಾದಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು. ಅವರ ಹೆಂಡತಿ ಏಳನೇ ಕ್ಲಾಸಿನವರೆಗೆ ಓದಿದವರು. ಕನ್ನಡ ಸಲೀಸಾಗಿ ಓದುತ್ತಾರೆ, ಇಂಗ್ಲಿಷ್ ಓದಲು ಬರುವುದಿಲ್ಲ. ಗುಳಿಗೆ ಕೊಡುವುದು ಇವರ ಕೆಲಸ. ಡಾಕ್ಟರು ಗೋವಾದವರು. ಕೊಂಕಣಿ ಮಾತಾಡುತ್ತಾರೆ, ಕನ್ನಡ ಅಕ್ಷರ ಓದಲು ಬರುವುದಿಲ್ಲ. ಇವರಿಬ್ಬರ ನಡುವೆ ಬೆಂಗಳೂರಿನಲ್ಲಿರುವ ಮಗ. ಅವನಿಗೆ ಎರಡೂ ಭಾಷೆ ಬರುತ್ತದೆ. ಅದರಿಂದಲೇ ಎರಡನ್ನೂ ಬೆರೆಸಿ ಬರೆಯುತ್ತಾನೆ. ನಾವೆಲ್ಲ ಬರೆಯುವುದು ಹಾಗೇ ಅಲ್ವಾ?

ಒಂದು ಶನಿವಾರ ಬೆಳಿಗ್ಗೆ ಆ ತಾಯಿ ತನ್ನ ಅಣ್ಣನ ಮಗನ ಜೊತೆ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಗುಳಿಗೆಯ ಚೀಲ, ಮೊಬೈಲು. “ತಮ್ಮಾ, ಗ್ಯಾಸ್ಟ್ರಿಕ್ ಕಡಿಮೆ ಆಗೂದೇ ಇಲ್ಲ. ಡಾಕ್ಟರಿಗೆ ಇಂಗ್ಲಿಷಲ್ಲಿ ಒಂದು ಚೀಟಿ ಬರಕೊಡು” ಅಂದರು.

ಮೊಬೈಲಿನಲ್ಲಿ ಮೂರು ಸಂದೇಶಗಳಿದ್ದವು. ಮೊದಲನೆಯದು ಮಗ ತನ್ನ ಗೆಳೆಯನಿಗೆ ಕಳಿಸಿದ್ದು. ‘ಇದನ್ನು ಸ್ವಲ್ಪ ಇಂಗ್ಲಿಷ್ ಮಾಡಿ ಡಾಕ್ಟರಿಗೆ ಹಾಕು, ನಾನು ಮೀಟಿಂಗಲ್ಲಿದ್ದೇನೆ’ ಅಂತ. ಅದು ಹೀಗಿತ್ತು:

“ಅಪ್ಪನಿಗೆ ಎಂಟು ವರ್ಷದಿಂದ ಶುಗರ್ ಇದೆ. ಬಿಪಿ ಟ್ಯಾಬ್ಲೆಟ್ ನಾರ್ಮಲ್ ಆಯ್ತು ಅಂತ ಸ್ಟಾಪ್ ಮಾಡಿದ್ದಾರೆ. ಮೊನ್ನೆಯಿಂದ ಗ್ಯಾಸ್ಟ್ರಿಕ್ ಜಾಸ್ತಿ. ಸ್ಟೆಪ್ ಹತ್ತಿದ್ರೆ ಎದೆ ಟೈಟ್ ಆಗಿ ಗ್ಯಾಸ್ ತುಂಬಿದ ಹಾಗೆ ಆಗ್ತದೆ, ಕೂತ್ರೆ ಫ್ರೀ ಆಗ್ತದೆ. ಬ್ಲಡ್ ಥಿನ್ ಟ್ಯಾಬ್ಲೆಟ್ ಹಲ್ಲು ತೆಗೆಸ್ಲಿಕ್ಕೆ ಸ್ಟಾಪ್ ಮಾಡಿದ್ದು, ಈಗ್ಲೂ ಹಾಗೇ ಇದೆ. ಏನ್ ಮಾಡೂದು?”

ಎರಡನೆಯದು ಗೆಳೆಯ ಮಾಡಿದ ಇಂಗ್ಲಿಷು. ಅವನು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಕನ್ನಡ ಪದಗಳನ್ನು ಇಂಗ್ಲಿಷ್ ಮಾಡಿದ. ಇಂಗ್ಲಿಷ್ ಪದಗಳನ್ನು ಇದ್ದ ಹಾಗೆ ಬಿಟ್ಟ. ಅವು ಆಗಲೇ ಇಂಗ್ಲಿಷಿನಲ್ಲಿವೆಯಲ್ಲ, ಇನ್ನೇನು ಮಾಡುವುದು ಅಂತ. ಅವನ ಇಂಗ್ಲಿಷಿನ ಅರ್ಥ ಹೀಗಾಗುತ್ತಿತ್ತು: ಶುಗರ್ ಇದೆ, ಬಿಪಿ ಗುಳಿಗೆ ನಿಲ್ಲಿಸಲಾಗಿದೆ, ಎರಡು ದಿನದಿಂದ ಹೊಟ್ಟೆಯ ತೊಂದರೆ, ಗ್ಯಾಸಿನಿಂದ ಎದೆ ಬಿಗಿತ. ರಕ್ತ ತೆಳು ಮಾಡುವ ಗುಳಿಗೆಯನ್ನು ಹಲ್ಲು ತೆಗೆಸಲು ನಿಲ್ಲಿಸಿದ್ದೆವು, ಈಗ ಮೊದಲಿನ ಹಾಗೇ ಇದೆ.

ಮೂರನೆಯದು ಡಾಕ್ಟರ ಉತ್ತರ. ಅದನ್ನು ಮಗ ಅಮ್ಮನಿಗೆ ಕನ್ನಡ ಅಕ್ಷರದಲ್ಲಿ ಹಾಕಿದ್ದ: “ಅಮ್ಮಾ, ಹೊಸ ಗ್ಯಾಸ್ಟ್ರಿಕ್ ಟ್ಯಾಬ್ಲೆಟ್ ಬಿಫೋರ್ ಫುಡ್ ಕೊಡು. ಬಾಕಿದು ಸೇಮ್ ಕಂಟಿನ್ಯೂ. ಕಡಿಮೆ ಆಗದಿದ್ರೆ ಕರ್ಕೊಂಡು ಬನ್ನಿ ಅಂದ್ರು.”

ತಾಯಿಯನ್ನು ನಾನು ಕೇಳಿದ ಮೊದಲ ಪ್ರಶ್ನೆ ‘ರಕ್ತ ತೆಳು ಮಾಡುವ ಗುಳಿಗೆ ಈಗ ಕೊಡ್ತಾ ಇದ್ದೀರಾ ಅಕ್ಕಾ?’ ಅಂತ. “ಇಲ್ಲ. ಅದು ನಿಲ್ಲಿಸಿದ್ದೇ. ಡಾಕ್ಟರೂ ಹಾಗೇ ಇರ್ಲಿ ಅಂದ್ರಲ್ಲ, ಸೇಮ್ ಕಂಟಿನ್ಯೂ” ಅಂದರು.

ಎಡವಟ್ಟು ಆಗಿದ್ದು ಇಲ್ಲಿ. ಮಗ ಬರೆದ ‘ಈಗ್ಲೂ ಹಾಗೇ ಇದೆ’ ಅಂದರೆ ‘ಈಗಲೂ ನಿಲ್ಲಿಸಿಯೇ ಇದ್ದೇವೆ’ ಅಂತ. ಗೆಳೆಯ ಅದನ್ನು ‘ಮೊದಲಿನ ಹಾಗೆ’ ಅಂತ ಓದಿದ. ಅಂದರೆ ಮತ್ತೆ ಶುರುವಾಗಿದೆ ಅಂತ. ಡಾಕ್ಟರು ಅದನ್ನು ನಂಬಿ, ಗುಳಿಗೆಗಳನ್ನು ಮುಂದುವರಿಸಿ ಅಂದರು. ತಾಯಿಗೆ ಅದು ‘ಹೇಗೆ ನಡೀತಾ ಇದೆಯೋ ಹಾಗೇ ನಡೆಸಿ’ ಅಂತ ಕೇಳಿಸಿತು. ನಡೀತಾ ಇದ್ದದ್ದು ಗುಳಿಗೆ ಇಲ್ಲದೆ. ಇಷ್ಟರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ದಡ್ಡರಲ್ಲ.

ನಾನು ಡಾಕ್ಟರಲ್ಲ. ಆದರೆ ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಗುಳಿಗೆ ಕೊಡುತ್ತಾರೆ, ಸಾಮಾನ್ಯವಾಗಿ ಮೊದಲ ಆರರಿಂದ ಹನ್ನೆರಡು ತಿಂಗಳು ಎರಡೂ ಬೇಕು, ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟುವ ಅಪಾಯ ಇದೆ ಅನ್ನುವುದು ಇಂಥ ಕಾಗದ ಬರೆದೂ ಬರೆದೂ ಗೊತ್ತಾಗಿದೆ. ಹತ್ತೇ ತಿಂಗಳ ಸ್ಟೆಂಟು. ಜೊತೆಗೆ ಮೆಟ್ಟಿಲು ಹತ್ತಿದರೆ ಎದೆ ಬಿಗಿತ, ಕೂತರೆ ಆರಾಮ. ಚೀಟಿ ಆಮೇಲೆ ಬರೆಯೋಣ, ಮೊದಲು ಫೋನ್ ಮಾಡಿ ಅಂದೆ. ಅನುವಾದ ಮಾಡುವವನಿಗೆ ಇದು ಮೊದಲು ಗೊತ್ತಿರಬೇಕು. ಕೆಲವು ಸಲ ಬರೆಯುವುದೇ ತಡ ಆಗಿಬಿಡುತ್ತದೆ. ಡಾಕ್ಟರ ಜೊತೆ ಕೊಂಕಣಿಯಲ್ಲಿ ಎರಡು ನಿಮಿಷ ಮಾತಾಯಿತು. ಹತ್ತಿರದಲ್ಲಿ ಇಸಿಜಿ ಮಾಡಿಸಿ, ಇವತ್ತೇ ಕರೆದುಕೊಂಡು ಬನ್ನಿ, ಗುಳಿಗೆ ಈಗಲೇ ಶುರು ಮಾಡಿ ಅಂದರು. ಬರುವಾಗ ಎಲ್ಲವನ್ನೂ ಸರಿಯಾಗಿ ಬರೆದುಕೊಂಡು ಬನ್ನಿ ಅಂತಲೂ ಅಂದರು. ಅಣ್ಣನ ಮಗ ಊರಿಗೆ ಫೋನ್ ಮಾಡಿ ಗಾಡಿ ಹೊರಡಿಸಿದ. ಅವರು ಕಾರವಾರ ತಲುಪುವುದರೊಳಗೆ ನನ್ನ ಚೀಟಿ ಆಗಬೇಕಿತ್ತು.

ಬೆರಕೆ ಮಾತನ್ನು ಇಂಗ್ಲಿಷಿಗೆ ಒಯ್ಯುವಾಗ ನಾನು ಮೊದಲು ಅಡಿಗೆರೆ ಎಳೆಯುವುದು ಇಂಗ್ಲಿಷ್ ಪದಗಳಿಗೆ. ಕನ್ನಡ ಪದಗಳಿಗಲ್ಲ. ಯಾಕೆಂದರೆ ಕನ್ನಡ ಪದ ಗೊತ್ತಾಗದಿದ್ದರೆ ನಾವು ನಿಲ್ಲುತ್ತೇವೆ, ಕೇಳುತ್ತೇವೆ. ಇಂಗ್ಲಿಷ್ ಪದ ಕಂಡರೆ ಗೊತ್ತಿದೆ ಅಂತ ಮುಂದೆ ಹೋಗಿಬಿಡುತ್ತೇವೆ. ಆದರೆ ಆ ಪದ ನಮ್ಮ ಮನೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಇದ್ದು ನಮ್ಮದೇ ಅರ್ಥ ಪಡೆದಿರುತ್ತದೆ. ಅದು ಈಗ ಕನ್ನಡ ಪದ. ಅದನ್ನೂ ಅನುವಾದ ಮಾಡಬೇಕು.

ಎಲ್ಲವೂ ತೊಂದರೆ ಕೊಡುವುದಿಲ್ಲ. ‘ಶುಗರ್ ಇದೆ’, ‘ಬಿಪಿ ಇದೆ’, ‘ಮೋಷನ್ ಸರಿ ಇದೆ’ ಇವನ್ನು ನಮ್ಮ ದೇಶದ ಯಾವ ಡಾಕ್ಟರಾದರೂ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಡಯಾಬಿಟಿಸ್ ಅಂತ ಬದಲಾಯಿಸುತ್ತೇನೆ ನಿಜ, ಆದರೆ ಬದಲಾಯಿಸದಿದ್ದರೂ ಜೀವಕ್ಕೇನೂ ಆಗುವುದಿಲ್ಲ. ಹೊರದೇಶದ ಡಾಕ್ಟರಿಗೆ ಕಳಿಸುವುದಾದರೆ ಮಾತು ಬೇರೆ.

ಈ ಸಂದೇಶದಲ್ಲಿ ಕೆಟ್ಟದ್ದು ‘ಗ್ಯಾಸ್ಟ್ರಿಕ್’. ಇಂಗ್ಲಿಷಿನಲ್ಲಿ ಅದು ಹೊಟ್ಟೆಗೆ ಸಂಬಂಧಪಟ್ಟದ್ದು ಅನ್ನುವ ಬರೀ ಒಂದು ವಿಶೇಷಣ. ನಮ್ಮಲ್ಲಿ ಅದೊಂದು ಕಾಯಿಲೆಯ ಹೆಸರು. ಎದೆಯುರಿ, ಹುಳಿ ತೇಗು, ಹೊಟ್ಟೆ ಉಬ್ಬರ, ಬೆನ್ನು ಹಿಡಿಯುವುದು, ಎದೆ ಬಿಗಿಯುವುದು ಎಲ್ಲಕ್ಕೂ ಅದೇ. ಹೃದಯದ ನೋವನ್ನು ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಿದವರ ಕಥೆ ಎಲ್ಲರ ಊರಲ್ಲೂ ಒಂದಾದರೂ ಇದೆ. ಗೆಳೆಯ ಈ ಪದ ನೋಡಿದ ಕೂಡಲೇ ಇದು ಹೊಟ್ಟೆಯ ವಿಷಯ ಅಂತ ತೀರ್ಮಾನಿಸಿದ. ಆಮೇಲೆ ‘ಸ್ಟೆಪ್ ಹತ್ತಿದ್ರೆ’, ‘ಕೂತ್ರೆ’ ಎರಡೂ ಅವನಿಗೆ ಸುಮ್ನೆ ಸೇರಿಸಿದ ಮಾತಿನ ಹಾಗೆ ಕಂಡವು. ಬಿಟ್ಟುಬಿಟ್ಟ. ಡಾಕ್ಟರಿಗೆ ಬೇಕಾಗಿದ್ದದ್ದು ಆ ಎರಡೇ ಪದ.

ಹಾಗಂತ ನಾನು ಅಲ್ಲಿ ಹೃದಯದ ನೋವು ಅಂತ ಬರೆಯಬಹುದಾ? ಬರೆಯಬಾರದು. ಅದು ಇನ್ನೊಂದು ಕಡೆಯ ತಪ್ಪು. ಗ್ಯಾಸ್ಟ್ರೈಟಿಸ್ ಅಂತ ಬರೆದರೂ ರೋಗ ಹೇಳಿದ ಹಾಗೆ, ಆಂಜೈನಾ ಅಂತ ಬರೆದರೂ ರೋಗ ಹೇಳಿದ ಹಾಗೆ. ಮನೆಯವರು ಎರಡನ್ನೂ ಹೇಳಿಲ್ಲ. ನಾನು ಬರೆದದ್ದು ಇಷ್ಟು: ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ, ಕೂತರೆ ಕೆಲವು ನಿಮಿಷದಲ್ಲಿ ಹೋಗುತ್ತದೆ, ಮನೆಯವರು ಇದನ್ನು ‘ಗ್ಯಾಸ್ಟ್ರಿಕ್’ ಅಂತ ಕರೆಯುತ್ತಾರೆ. ಅವರ ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಇಟ್ಟೆ. ಆಗುವುದೇನು ಅನ್ನುವುದನ್ನು ಅದರ ಹೊರಗೆ ಬರೆದೆ. ಹೆಸರು ಕೊಡುವುದು ಡಾಕ್ಟರ ಕೆಲಸ. ‘ಕೆಲವು ನಿಮಿಷ’ ಅನ್ನುವುದು ಸಂದೇಶದಲ್ಲಿ ಇರಲಿಲ್ಲ, ತಾಯಿಯನ್ನು ಕೇಳಿ ಸೇರಿಸಿದ್ದು. ‘ಫ್ರೀ ಆಗ್ತದೆ’ ಅಂದರೆ ಪೂರ್ತಿ ಹೋಗುತ್ತದಾ, ಸ್ವಲ್ಪ ಕಡಿಮೆಯಾಗುತ್ತದಾ ಅಂತ ಕೇಳಿದೆ. ಪೂರ್ತಿ ಅಂದರು. ‘ಟೈಟ್’ ಬಗ್ಗೆ ಕೇಳಬೇಕಾಗಲಿಲ್ಲ. ಎದೆಯ ಜೊತೆ ಇದ್ದರೆ ಬಿಗಿತ, ಮನುಷ್ಯನ ಜೊತೆ ಇದ್ದರೆ ಕುಡಿದದ್ದು. ನಮಗೆ ಗೊಂದಲವೇ ಆಗುವುದಿಲ್ಲ, ಹೊರಗಿನವರಿಗೆ ಆಗಬಹುದು.

ಎರಡನೆಯದು ‘ಸ್ಟಾಪ್ ಮಾಡಿದ್ದಾರೆ’. ಯಾರು? ಪದ ಇಂಗ್ಲಿಷಿನದು, ತೊಂದರೆ ಕನ್ನಡದ್ದು. ಕನ್ನಡದಲ್ಲಿ ಕರ್ತೃ ಬಿಟ್ಟರೂ ವಾಕ್ಯ ನಡೆಯುತ್ತದೆ. ಅಪ್ಪನ ಬಗ್ಗೆ ಗೌರವದಿಂದ ಬರೆದರೂ ‘ಮಾಡಿದ್ದಾರೆ’, ಡಾಕ್ಟರ ಬಗ್ಗೆ ಬರೆದರೂ ‘ಮಾಡಿದ್ದಾರೆ’. ಗೆಳೆಯ ‘ನಿಲ್ಲಿಸಲಾಗಿದೆ’ ಅನ್ನುವ ಅರ್ಥ ಬರುವ ಹಾಗೆ ಬರೆದಿದ್ದ. ಅದನ್ನು ಓದಿದ ಡಾಕ್ಟರಿಗೆ ಬೇರೆ ಯಾರೋ ಡಾಕ್ಟರು ನೋಡಿ ನಿಲ್ಲಿಸಿದ್ದಾರೆ ಅಂತ ಅನಿಸಿದರೆ ತಪ್ಪಿಲ್ಲ. ತಾಯಿಯನ್ನು ಕೇಳಿದೆ. “ಯಾವ ಡಾಕ್ಟರು? ಇವರೇ! ಮೆಡಿಕಲ್ ಶಾಪಲ್ಲಿ ಚೆಕ್ ಮಾಡಿಸ್ಕೊಂಡು ಬಂದು ನಾರ್ಮಲ್ ಆಯ್ತು ಅಂತ ತಾವೇ ಬಿಟ್ರು.” ಇಂಗ್ಲಿಷಿನಲ್ಲಿ ‘ರೋಗಿ ತಾನಾಗಿಯೇ ನಿಲ್ಲಿಸಿದರು’ ಅಂತ ಬರೆದೆ. ಹಲ್ಲಿಗಾಗಿ ನಿಲ್ಲಿಸಿದ ಗುಳಿಗೆಯ ಕಥೆಯೂ ಹಾಗೇ. ಹಲ್ಲಿನ ಡಾಕ್ಟರು ಹೇಳಿದ್ದಲ್ಲ. ರಕ್ತ ನಿಲ್ಲದಿದ್ದರೆ ಅಂತ ಹೆದರಿ ಮನೆಯವರೇ ಮಾಡಿದ್ದು.

‘ಬ್ಲಡ್ ಥಿನ್ ಟ್ಯಾಬ್ಲೆಟ್’ ಅನ್ನುವುದಕ್ಕೆ ಒಂದು ದೊಡ್ಡ ಇಂಗ್ಲಿಷ್ ಪದ ಹುಡುಕಿ ಹಾಕುವ ಆಸೆ ಅನುವಾದಕರಿಗೆ ಬರುತ್ತದೆ. ನನಗೂ ಮೊದಲೆಲ್ಲ ಬರುತ್ತಿತ್ತು. ಆದರೆ ಜನ ಆ ಹೆಸರಿನಲ್ಲಿ ಬೇರೆ ಬೇರೆ ಔಷಧ ಕರೆಯುತ್ತಾರೆ. ಸ್ಟೆಂಟಿಗೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಒಂದು ಜಾತಿ. ಕವಾಟದ ಆಪರೇಷನ್ ಆದವರು ತೆಗೆದುಕೊಳ್ಳುವ ವಾರ್ಫರಿನ್ ಇನ್ನೊಂದು ಜಾತಿ. ಪದವನ್ನು ಅನುವಾದಿಸುವ ಬದಲು ಸ್ಟ್ರಿಪ್ ತರಿಸಿ ನೋಡುವುದು ಒಳ್ಳೆಯದು. ಅದೃಷ್ಟಕ್ಕೆ ತಾಯಿ ಚೀಲ ತಂದಿದ್ದರು. ನಿಲ್ಲಿಸಿದ ಸ್ಟ್ರಿಪ್ಪುಗಳು ತಳದಲ್ಲಿ ಇದ್ದವು: ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75. ಎರಡೂ ನಿಂತಿದ್ದವು.

ಇನ್ನು ‘ಮೊನ್ನೆ’. ಇದು ಶುದ್ಧ ಕನ್ನಡ, ಆದರೂ ಮೋಸ ಮಾಡುತ್ತದೆ. ಪುಸ್ತಕದಲ್ಲಿ ಮೊನ್ನೆ ಅಂದರೆ ನಿನ್ನೆಯ ಹಿಂದಿನ ದಿನ. ಮಾತಿನಲ್ಲಿ ಮೊನ್ನೆ ಅಂದರೆ ಇತ್ತೀಚೆಗೆ. ಕಳೆದ ತಿಂಗಳ ಬಂಡಿಹಬ್ಬಕ್ಕೂ ಮೊನ್ನೆ ಅನ್ನುತ್ತೇವೆ. ಗೆಳೆಯ ‘ಎರಡು ದಿನ’ ಮಾಡಿದ್ದ. ನಾನು ತಾರೀಖು ಕೇಳಲಿಲ್ಲ, ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. “ಹಲ್ಲು ತೆಗೆಸಿದ ಮೇಲೋ, ಮೊದಲೋ?” ಅಂದೆ. “ತೆಗೆಸಿ ನಾಲ್ಕೈದು ದಿನಕ್ಕೆ ಶುರುವಾಯ್ತು.” ಹಲ್ಲಿನ ಚೀಟಿಯಲ್ಲಿ ತಾರೀಖು ಇತ್ತು. ಲೆಕ್ಕ ಹಾಕಿದರೆ ಹನ್ನೆರಡು ದಿನ. ಗುಳಿಗೆ ನಿಂತ ಮೇಲೆ ಬಿಗಿತ ಶುರುವಾಯಿತು ಅನ್ನುವ ಕ್ರಮವೂ ಇದರಿಂದಲೇ ಸಿಕ್ಕಿತು. ಅದನ್ನೂ ಬರೆದೆ. ‘ಅದಕ್ಕಾಗಿ’ ಅಂತ ಬರೆಯಲಿಲ್ಲ, ‘ಅದಾದ ಮೇಲೆ’ ಅಂತ ಬರೆದೆ.

ಮಗನ ಸಂದೇಶ ಏಳೆಂಟು ಸಾಲು, ನನ್ನ ಇಂಗ್ಲಿಷ್ ಒಂದು ಪುಟ. ಅನುವಾದ ಮೂಲಕ್ಕಿಂತ ಉದ್ದ ಆದರೆ ಕೆಲವರು ಮೂಗು ಮುರಿಯುತ್ತಾರೆ. ಬೆರಕೆ ಮಾತಿನಲ್ಲಿ ಹೇಳದೆ ಬಿಟ್ಟದ್ದು ಇಷ್ಟು ಇರುತ್ತದೆ, ನಾನೇನು ಮಾಡಲಿ? ಮೇಲ್ಗಡೆ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಎರಡೂ ಗುಳಿಗೆ ನಿಂತು ಎಷ್ಟು ದಿನ ಆಯಿತು ಅಂತ ಹಾಕಿದೆ. ಕೆಳಗೆ ಮಗನ ಮೂಲ ಸಂದೇಶವನ್ನೂ ಹಾಗೇ ಅಂಟಿಸಿದೆ. ಡಾಕ್ಟರಿಗೆ ಓದಲು ಬರದಿದ್ದರೂ ಅಲ್ಲಿ ಕನ್ನಡ ಬಲ್ಲ ನರ್ಸ್ ಯಾರಾದರೂ ಸಿಗಬಹುದು.

ಆಸ್ಪತ್ರೆಯ ಕಥೆ ಉದ್ದ ಮಾಡುವುದಿಲ್ಲ. ಸ್ಟೆಂಟ್ ಮುಚ್ಚಿರಲಿಲ್ಲ. ಇನ್ನೊಂದು ರಕ್ತನಾಳ ಕಿರಿದಾಗಿತ್ತು, ಅದಕ್ಕೆ ಚಿಕಿತ್ಸೆ ಆಯಿತು. ಐದನೇ ದಿನ ಮನೆಗೆ ಬಂದರು. ಮರುದಿನ ತಾಯಿ ಡಿಸ್ಚಾರ್ಜ್ ಕಾಗದ ಹಿಡಿದು ಮತ್ತೆ ನನ್ನ ಅಂಗಡಿಗೆ ಬಂದರು.

ಈಗ ಕೆಲಸ ತಿರುಗಾಮುರುಗಾ. ಇಂಗ್ಲಿಷಿನಿಂದ ಕನ್ನಡ ಮಾತ್ರ ಓದುವವರಿಗೆ. ಇಲ್ಲಿ ನನ್ನ ನಿಯಮವೂ ತಿರುಗಾಮುರುಗಾ ಆಗುತ್ತದೆ. ಇಂಗ್ಲಿಷ್ ಪದಗಳನ್ನೆಲ್ಲ ಕಿತ್ತು ಕನ್ನಡ ಪದ ಹಾಕಲು ಹೋಗಬಾರದು. ಈ ತಾಯಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ ಅಷ್ಟೇ, ಪದಗಳು ಬರುತ್ತವೆ. ‘ಬಿಪಿ’ ಅಂದರೆ ಗೊತ್ತು. ‘ಅಧಿಕ ರಕ್ತದೊತ್ತಡ’ ಅಂದರೆ ಒಂದು ಗಳಿಗೆ ನಿಲ್ಲುತ್ತಾರೆ. ‘ಮಧುಮೇಹ’ ಗೋಡೆಯ ಮೇಲಿನ ಬೋರ್ಡಿನಲ್ಲಿ ಓದಿದ್ದು, ‘ಶುಗರ್’ ಮನೆಯಲ್ಲಿರುವುದು. ಬಾಯಲ್ಲಿರುವ ಪದ ಕನ್ನಡ ಅಕ್ಷರದಲ್ಲಿ ಬರೆದರೆ ಸಾಕು.

ಹಾಗಾದರೆ ಯಾವುದನ್ನು ಬದಲಾಯಿಸಬೇಕು? ಪದ ಬಾಯಲ್ಲಿದ್ದೂ ಅರ್ಥ ಬೇರೆ ಇದ್ದದ್ದನ್ನು. ‘ಕಂಟಿನ್ಯೂ’ ಅನ್ನುವ ಪದವನ್ನು ಆ ಕಾಗದದಲ್ಲಿ ಎಲ್ಲೂ ಉಳಿಸಲಿಲ್ಲ. ಒಂದೊಂದು ಗುಳಿಗೆಯ ಎದುರೂ ‘ದಿನಾ ಕೊಡಿ, ನಿಲ್ಲಿಸಬೇಡಿ’ ಅಂತ ಬರೆದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎದುರು ಇನ್ನೊಂದು ಸಾಲು: ‘ಹಲ್ಲು, ಗಾಯ, ಆಪರೇಷನ್ ಏನೇ ಇದ್ದರೂ ಗೋವಾದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.’ ಕಾಗದದಲ್ಲಿ ಹಲ್ಲಿನ ಮಾತು ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಹಾಕಲಾ ಅಂತ ಕೇಳಿ ಹಾಕಿದೆ.

‘ಆಫ್ಟರ್ ಫುಡ್’ ಅನ್ನುವುದನ್ನು ‘ಊಟದ ನಂತರ’ ಅಂತ ಮಾಡುವವರೇ ಜಾಸ್ತಿ. ಆದರೆ ಊಟ ಅಂದರೆ ನಮ್ಮಲ್ಲಿ ಅನ್ನ. ಬೆಳಿಗ್ಗೆ ದೋಸೆ ತಿಂದರೆ ಅದು ತಿಂಡಿ, ಊಟ ಅಲ್ಲ. ಚೀಲದಲ್ಲಿದ್ದ ಹಳೆಯ ಚೀಟಿಯಲ್ಲಿ ಬೆಳಗಿನ ಗುಳಿಗೆಯ ಎದುರು ಯಾರೋ ‘ಊಟದ ನಂತರ’ ಅಂತ ಬರೆದಿದ್ದರು. ತಾಯಿ ಅದನ್ನು ಹತ್ತು ತಿಂಗಳಿಂದ ಮಧ್ಯಾಹ್ನ ಒಂದೂವರೆಗೆ ಕೊಡುತ್ತಿದ್ದರಂತೆ. ನಾನು ‘ಬೆಳಿಗ್ಗೆ ತಿಂಡಿ ತಿಂದ ಮೇಲೆ’, ‘ರಾತ್ರಿ ಊಟ ಆದ ಮೇಲೆ’ ಅಂತ ಬಿಡಿಸಿ ಬರೆದೆ. ‘1-0-1’ ಅನ್ನುವುದನ್ನೂ ಬಿಡಿಸಿದೆ. ಒಬ್ಬರು ನನ್ನ ಎದುರು ಅದನ್ನು ನೂರಾ ಒಂದು ಅಂತ ಓದಿ, ಬಿಲ್ಲು ಇರಬೇಕು ಅಂದಿದ್ದರು.

ಗುಳಿಗೆಯ ಹೆಸರು ಮಾತ್ರ ಎರಡು ಲಿಪಿಯಲ್ಲೂ ಬೇಕು. ಕನ್ನಡದಲ್ಲಿ ‘ಕ್ಲೊಪಿಡೊಗ್ರೆಲ್’ ಅಂತ ಬರೆದರೆ ಅವರು ಓದಬಹುದು, ಆದರೆ ಸ್ಟ್ರಿಪ್ಪಿನ ಮೇಲೆ ಇರುವುದು ಇಂಗ್ಲಿಷ್ ಅಕ್ಷರ. ಎರಡನ್ನೂ ಜೋಡಿಸುವುದು ಹೇಗೆ? ಬಣ್ಣ ಹೇಳಿದರೆ ಸಾಲದು, ಮುಂದಿನ ತಿಂಗಳು ಅಂಗಡಿಯವರು ಬೇರೆ ಕಂಪನಿಯದ್ದು ಕೊಟ್ಟರೆ ಬಣ್ಣವೂ ಬೇರೆ. ಸ್ಟ್ರಿಪ್ಪಿನ ಮೇಲಿದ್ದ ಅಕ್ಷರಗಳನ್ನು ದೊಡ್ಡದಾಗಿ ಹಾಗೇ ಬರೆದು, ಪಕ್ಕದಲ್ಲಿ ಕನ್ನಡ ಬರೆದೆ. ಚಿತ್ರ ಹೊಂದಿಸುವ ಹಾಗೆ ಹೊಂದಿಸಿ ನೋಡಿ ಅಂದೆ. ಪ್ರತಿ ಸಲ ಹೊಸ ಸ್ಟ್ರಿಪ್ ತಂದಾಗ ಅಂಗಡಿಯವರ ಹತ್ತಿರವೇ ಅದರ ಮೇಲೆ 1, 2, 3 ಅಂತ ಪೆನ್ನಿನಲ್ಲಿ ಬರೆಸಿಕೊಳ್ಳಿ ಅಂತಲೂ ಹೇಳಿದೆ.

ಕೊನೆಯ ಗುಳಿಗೆಯ ಎದುರು ಡಾಕ್ಟರು ಎಸ್‌ಒಎಸ್ ಅಂತ ಬರೆದಿದ್ದರು. ನಾಲಿಗೆಯ ಕೆಳಗೆ ಇಡುವ ಐಸೊಸಾರ್ಬೈಡ್ 5. ಅದರ ಅರ್ಥ ಅಗತ್ಯ ಬಿದ್ದರೆ ಮಾತ್ರ ಅಂತ. ‘ಬೇಕಾದಾಗ’ ಅಂತ ಬರೆದರೆ ಮನಸ್ಸು ಬಂದಾಗ ಅಂತಲೂ ಆಗುತ್ತದೆ. ಹಾಗಾಗಿ ಹೀಗೆ ಬರೆದೆ: ‘ಎದೆ ನೋವು ಬಂದರೆ ಮಾತ್ರ. ಮೊದಲು ಕೂರಿಸಿ. ನಾಲಿಗೆಯ ಕೆಳಗೆ ಒಂದು ಇಡಿ. ನುಂಗಬಾರದು, ನೀರು ಕೊಡಬೇಡಿ. ಐದು ನಿಮಿಷದಲ್ಲಿ ಹೋಗದಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.’

ಬರೆದಾದ ಮೇಲೆ ‘ಅರ್ಥ ಆಯ್ತಾ’ ಅಂತ ನಾನು ಕೇಳುವುದಿಲ್ಲ. ಎಲ್ಲರೂ ಹೂಂ ಅನ್ನುತ್ತಾರೆ. ಮೊಬೈಲಿನ ಸಂದೇಶಕ್ಕೂ ಆ ತಾಯಿ ಮಗನಿಗೆ ಹೂಂ ಅಂದಿದ್ದರು. ಬದಲಿಗೆ ಚೀಲ ಮುಂದಿಟ್ಟು, “ನಾಳೆ ಬೆಳಿಗ್ಗೆ ಏನು ಮಾಡ್ತೀರಿ ಅಕ್ಕಾ, ತೋರಿಸಿ” ಅಂದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸ್ಟ್ರಿಪ್ ತೆಗೆದು ಕಾಗದದ ಪಕ್ಕ ಇಟ್ಟರು. ಹೊಟ್ಟೆಯ ಗುಳಿಗೆ ತಿಂಡಿಗೆ ಮೊದಲು, ಈ ಎರಡು ತಿಂಡಿ ಆದ ಮೇಲೆ, ಬಿಪಿಯದ್ದು ನಾರ್ಮಲ್ ಆದರೂ ಬಿಡಬಾರದು. ಎಲ್ಲ ಸರಿ ಇತ್ತು.

ನಾಲಿಗೆ ಕೆಳಗಿನ ಗುಳಿಗೆಗೆ ಬಂದಾಗ ನಿಂತರು. ನಾನು ಬರೆದ ಸಾಲನ್ನು ಎರಡು ಸಲ ಓದಿದರು.

“ಇದು ಕೊಡೂದೇ ಬರೂದಿಲ್ಲ ತಮ್ಮಾ.”

“ಯಾಕೆ?”

“ಎದೆ ನೋವು ಅಂತ ಬರದಿದ್ಯಲ್ಲ. ಅವರಿಗೆ ನೋವು ಆಗೂದೇ ಇಲ್ಲ. ಹಿಡಿದ ಹಾಗೆ ಆಗೂದು.”

ಇಂಗ್ಲಿಷ್ ಚೀಟಿಯಲ್ಲಿ ಎಷ್ಟು ಜೋಪಾನ ಮಾಡಿದ್ದೆನೋ, ಕನ್ನಡಕ್ಕೆ ಬಂದಾಗ ನಾನೇ ಅದನ್ನು ಮರೆತಿದ್ದೆ. ಪೆನ್ನು ತೆಗೆದು ‘ನೋವು ಬಂದರೆ’ ಹೊಡೆದುಹಾಕಿದೆ. ‘ಎದೆ ಹಿಡಿದ ಹಾಗೆ, ಟೈಟ್ ಆದ ಹಾಗೆ, ಗ್ಯಾಸ್ ತುಂಬಿದ ಹಾಗೆ ಆದರೂ’ ಅಂತ ಬರೆದೆ. ತಾಯಿ ಅದನ್ನು ಓದಿ, ಕಾಗದ ಮಡಚಿ ಚೀಲದೊಳಗೆ ಇಟ್ಟುಕೊಂಡರು.